ಕೊಬ್ಬರಿ, ಎಣ್ಣೆ, ಹಿಂಡಿ: ನೂರು ಕಿಲೋದ ಲೆಕ್ಕ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಪ್ರದೇಶಗಳ ಸುತ್ತಲಿನ ಗ್ರಾಮಗಳಲ್ಲಿ ತೆಂಗಿನ ತೋಟಗಳು ಬಡಾವಣೆಗಳ ನಡುವೆ ಇನ್ನೂ ಉಳಿದುಕೊಂಡಿವೆ. ಇಲ್ಲಿಯ ಕಾಯಿಯಲ್ಲಿ ಗಣನೀಯ ಭಾಗ ಎಳನೀರಾಗಿಯೇ ಮಾರಾಟವಾಗುತ್ತದೆ. ಆದರೆ ಅದೇ ರಸ್ತೆಗಳಲ್ಲಿ ಗಾಣದ ಎಣ್ಣೆಯ ಅಂಗಡಿಗಳೂ ತೆರೆದಿವೆ. ವಸತಿ ಸಮುಚ್ಚಯಗಳ ನಿವಾಸಿಗಳು ಸಾಮಾನ್ಯ ಎಣ್ಣೆಗಿಂತ ಹೆಚ್ಚಿನ ದರ ಕೊಟ್ಟು ಗಾಣದ ಎಣ್ಣೆಯನ್ನು ಕೊಳ್ಳುತ್ತಿದ್ದಾರೆ. ಇದನ್ನು ಕಂಡು ಸ್ವಸಹಾಯ ಸಂಘಗಳು ಕಾಯಿ ಒಣಗಿಸಿ ಎಣ್ಣೆ ತೆಗೆಯುವ ಘಟಕಕ್ಕೆ ಜಾಗ, ಕಟ್ಟಡ ಅಥವಾ ಸಾಲದ ಶಿಫಾರಸು ಕೋರಿ ಪಂಚಾಯಿತಿಯ ಮುಂದೆ ಬರುವುದು ಸಹಜ. ಅಂತಹ ಅರ್ಜಿಯೊಂದಿಗೆ ಬರುವ ಯೋಜನಾ ವರದಿಯಲ್ಲಿ ‘ಎಣ್ಣೆ ಇಳುವರಿ ಶೇಕಡಾ ಇಷ್ಟು’ ಎಂಬ ಒಂದು ಸಾಲು ಇರುತ್ತದೆ. ಘಟಕದ ಲಾಭ ನಷ್ಟಗಳೆರಡೂ ಆ ಒಂದು ಸಾಲಿನಲ್ಲಿ ಅಡಗಿರುವುದರಿಂದ ಅದನ್ನು ಪರಿಶೀಲಿಸುವ ಬಗೆಯೇ ಈ ಉಪನ್ಯಾಸದ ವಿಷಯ.

ಮೊದಲಿಗೆ ಎರಡು ಬಗೆಯ ಕೊಬ್ಬರಿಯನ್ನು ಬೇರ್ಪಡಿಸಿ ನೋಡುವುದು ಅವಶ್ಯ. ತುಮಕೂರು ರಸ್ತೆಯಲ್ಲಿ ಪೀಣ್ಯ, ನೆಲಮಂಗಲ ದಾಟಿ ಮುಂದೆ ಸಾಗಿದರೆ ಸಿಗುವ ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯು ಉಂಡೆ ಕೊಬ್ಬರಿಗೆ ಹೆಸರಾದದ್ದು. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಟ್ಟಾಗ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಗಟಗಟ ಸದ್ದು ಮಾಡುವ ಉಂಡೆಯಾಗುತ್ತದೆ. ಇದು ತಿನ್ನುವ ಕೊಬ್ಬರಿ. ಉತ್ತರ ಭಾರತದ ಸಿಹಿತಿನಿಸು, ಪೂಜೆ, ಮದುವೆಗಳ ಬೇಡಿಕೆಯೇ ಇದರ ದರವನ್ನು ನಿರ್ಧರಿಸುತ್ತದೆ. ಎರಡನೆಯದು ಕಾಯಿಯನ್ನು ಹೋಳು ಮಾಡಿ ಬಿಸಿಲಿನಲ್ಲಿ ಅಥವಾ ಒಲೆಯ ಶಾಖದಲ್ಲಿ ಒಣಗಿಸಿದ ಗಿಟುಕು. ಇದು ಎಣ್ಣೆಗೆ ಹೋಗುವ ಕೊಬ್ಬರಿ. ಕೇಂದ್ರ ಸರ್ಕಾರವು ಇವೆರಡಕ್ಕೂ ಪ್ರತ್ಯೇಕ ಬೆಂಬಲ ಬೆಲೆ ಘೋಷಿಸುತ್ತದೆ. 2025ರ ಹಂಗಾಮಿಗೆ ಎಣ್ಣೆ ಕೊಬ್ಬರಿಗೆ ಕ್ವಿಂಟಲಿಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100 ರೂಪಾಯಿ ನಿಗದಿಯಾಗಿತ್ತು.

ಉಂಡೆ ಕೊಬ್ಬರಿಯನ್ನು ಅರೆದು ಎಣ್ಣೆ ತೆಗೆಯುವುದು ಸಾಮಾನ್ಯವಾಗಿ ನಷ್ಟದ ವ್ಯವಹಾರ. ತಿನ್ನುವ ಕೊಬ್ಬರಿಯ ರೂಪಕ್ಕೆ ಸಿಗುವ ಹೆಚ್ಚಿನ ಬೆಲೆಯನ್ನು ಗಾಣವು ಹಿಂದಿರುಗಿಸಲಾರದು. ಒಡೆದದ್ದು, ಚೂರಾದದ್ದು, ಬಣ್ಣಗೆಟ್ಟದ್ದು ಮಾತ್ರ ಎಣ್ಣೆಗೆ ಹೋಗುತ್ತದೆ. ಅಲ್ಲದೆ ಉಂಡೆ ಕೊಬ್ಬರಿಗೆ ಅಟ್ಟವೂ ಒಂದು ವರ್ಷದ ತಾಳ್ಮೆಯೂ ಬೇಕು. ನಗರದಂಚಿನ ರೈತನಿಗೆ ಇವೆರಡೂ ದುರ್ಲಭ. ಹೀಗಾಗಿ ಮುಂದಿನ ಲೆಕ್ಕವೆಲ್ಲವೂ ಎಣ್ಣೆ ಕೊಬ್ಬರಿಗೆ ಸಂಬಂಧಿಸಿದ್ದು.

ಸಾವಿರ ಕಾಯಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಾಯಿ ಹನ್ನೆರಡು ತಿಂಗಳು ಬಲಿತಿರಬೇಕು. ಬಲಿಯದ ಕಾಯಿಯ ತಿರುಳು ಒಣಗುವಾಗ ಸುರುಟಿಕೊಂಡು ರಬ್ಬರಿನಂತಾಗುತ್ತದೆ ಮತ್ತು ಅದರಲ್ಲಿ ಎಣ್ಣೆಯ ಅಂಶವೂ ಕಡಿಮೆ. ಮಧ್ಯಮ ಗಾತ್ರದ ಒಂದು ಕಾಯಿಯಲ್ಲಿ 280 ಗ್ರಾಂ ಹಸಿ ತಿರುಳು ಇದೆಯೆಂದು ಹಿಡಿದರೆ ಸಾವಿರ ಕಾಯಿಗೆ 280 ಕೆ.ಜಿ. ಆಗುತ್ತದೆ. ಹಸಿ ತಿರುಳಿನಲ್ಲಿ ಸುಮಾರು ಅರ್ಧ ಭಾಗ ನೀರು. ಉಳಿಯುವ ಒಣ ಪದಾರ್ಥ 140 ಕೆ.ಜಿ. ಎಣ್ಣೆ ಕೊಬ್ಬರಿಯಲ್ಲಿ ತೇವಾಂಶ ಶೇಕಡಾ 6ರಷ್ಟಿರಬೇಕೆಂಬುದು ರೂಢಿಯಲ್ಲಿರುವ ಮಾನದಂಡ. ಅಷ್ಟಕ್ಕೆ ಒಣಗಿಸಿದಾಗ ಸಾವಿರ ಕಾಯಿಯಿಂದ 149 ಕೆ.ಜಿ. ಕೊಬ್ಬರಿ ದೊರೆಯುತ್ತದೆ. 2025ರ ಬೆಂಬಲ ಬೆಲೆಯಲ್ಲಿ ಇದರ ಮೌಲ್ಯ ಸುಮಾರು 17,257 ರೂಪಾಯಿ, ಅಂದರೆ ಕಾಯಿಯೊಂದಕ್ಕೆ 17 ರೂಪಾಯಿ 25 ಪೈಸೆ. ಸುಲಿದ ಕಾಯಿಗೆ ಊರಿನಲ್ಲಿಯೇ ಇದಕ್ಕಿಂತ ಹೆಚ್ಚಿನ ಬೆಲೆ ಸಿಗುವ ದಿನ ಅದನ್ನು ಒಡೆದು ಒಣಗಿಸುವ ಶ್ರಮಕ್ಕೆ ಅರ್ಥವಿಲ್ಲ. ಚಿಪ್ಪಿಗೂ ಇದ್ದಿಲು ತಯಾರಕರಿಂದ ಬೆಲೆಯುಂಟು. ಅದು ಒಣಗಿಸುವ ಕೂಲಿಯ ಒಂದು ಭಾಗವನ್ನು ಭರಿಸುತ್ತದೆ.

ಈ 149 ಕೆ.ಜಿ. ಎಂಬ ಅಂಕಿ ತೇವಾಂಶಕ್ಕೆ ಕಟ್ಟುಬಿದ್ದದ್ದು. ಅದೇ ಸಾವಿರ ಕಾಯಿಯ ಕೊಬ್ಬರಿಯನ್ನು ಎರಡು ದಿನ ಮೊದಲೇ ಎತ್ತಿ, ಶೇಕಡಾ 10ರ ತೇವಾಂಶದಲ್ಲಿ ತೂಗಿದರೆ 155.6 ಕೆ.ಜಿ. ತೂಗುತ್ತದೆ. ಹೆಚ್ಚುವರಿ ಆರೂವರೆ ಕಿಲೋಗೂ ಮಿಕ್ಕ ತೂಕ ಬರೀ ನೀರು. ರೈತನು ಹೀಗೆ ಮಾರಿದರೆ ಅನುಭವಿ ವರ್ತಕನು ಗಿಟುಕನ್ನು ಮುರಿದು ನೋಡಿ ದರದಲ್ಲಿ ಅದಕ್ಕಿಂತ ಹೆಚ್ಚನ್ನೇ ಕಡಿತ ಮಾಡುತ್ತಾನೆ. ಆದರೆ ಹೊಸದಾಗಿ ಗಾಣ ಹಾಕಿದ ಸಂಘವು ಕೊಳ್ಳುವ ಸ್ಥಾನದಲ್ಲಿದ್ದು, ತೇವಾಂಶ ನೋಡದೆ ಹಣ ಕೊಟ್ಟರೆ, ಅದೇ ಬೆಂಬಲ ಬೆಲೆಯ ಲೆಕ್ಕದಲ್ಲಿ ಸುಮಾರು 770 ರೂಪಾಯಿಯನ್ನು ನೀರಿಗೆ ತೆತ್ತಂತಾಗುತ್ತದೆ.

ತೇವಾಂಶ ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಚೆನ್ನಾಗಿ ಒಣಗಿದ ಗಿಟುಕು ಮುರಿದಾಗ ಸದ್ದು ಮಾಡಿ ತುಂಡಾಗುತ್ತದೆ; ಬಾಗಿ ಹರಿದರೆ ಅದು ಹಸಿ. ಇನ್ನೂ ಖಚಿತವಾಗಿ ತಿಳಿಯಬೇಕಾದರೆ, ಮೂಟೆಯ ಬೇರೆ ಬೇರೆ ಭಾಗದಿಂದ ತೆಗೆದ ಕೊಬ್ಬರಿಯನ್ನು ತುರಿದು, 100 ಗ್ರಾಂ ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದ ಪೆಟ್ಟಿಗೆಯಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಬೇಕು. 94 ಗ್ರಾಂ ಉಳಿದರೆ ತೇವಾಂಶ ಶೇಕಡಾ 6; 90 ಗ್ರಾಂ ಉಳಿದರೆ ಶೇಕಡಾ 10.

ಒಣಗಿಸುವ ಕ್ರಮದಲ್ಲಿ ಮೊದಲ ದಿನವೇ ನಿರ್ಣಾಯಕ. ಹೋಳು ಮಾಡಿದ ಕಾಯಿಗೆ ಅಂದೇ ಬಿಸಿಲು ತಾಗದಿದ್ದರೆ ತಿರುಳಿನ ಮೇಲೆ ಅಂಟು ಕಾಣಿಸಿಕೊಂಡು ಬಳಿಕ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕಾಯಿಯನ್ನು ಸಂಜೆ ಒಡೆಯದೆ ಬೆಳಗ್ಗೆ ಒಡೆಯುವುದು ಉಚಿತ. ಒಳ್ಳೆಯ ಬಿಸಿಲಿದ್ದರೆ ಎರಡು ದಿನಗಳಲ್ಲಿ ತಿರುಳು ಚಿಪ್ಪು ಬಿಡುತ್ತದೆ. ಪೂರ್ತಿ ಒಣಗಲು ವಾರದ ಸಮೀಪ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಮೇ ತಿಂಗಳ ಮಳೆಯೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೂ ಇದಕ್ಕೆ ಅಡ್ಡಿ. ಆ ದಿನಗಳಿಗಾಗಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಚಿಪ್ಪನ್ನೇ ಉರುವಲಾಗಿ ಬಳಸುವ ಒಣಗೂಡನ್ನು ರೂಪಿಸಿದೆ. ಅದರಲ್ಲಿ ಹೊಗೆ ಕೊಬ್ಬರಿಗೆ ತಾಗದೆ ಕೇವಲ ಬಿಸಿಗಾಳಿ ತಾಗುತ್ತದೆ. ನೇರ ಹೊಗೆಯಲ್ಲಿ ಒಣಗಿದ ಕೊಬ್ಬರಿ ಕಂದಾಗಿ, ಎಣ್ಣೆಗೂ ಹೊಗೆಯ ವಾಸನೆ ಬರುತ್ತದೆ. ಗಾಣದ ಎಣ್ಣೆಗೆ ಹೆಚ್ಚು ಹಣ ಕೊಡುವ ಗ್ರಾಹಕನು ಅದನ್ನು ಎರಡನೆಯ ಸಲ ಕೊಳ್ಳುವುದಿಲ್ಲ. ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ, ಕಾರ್ಖಾನೆಗಳ ಧೂಳು ಬೀಳುವ ಬಯಲಿನಲ್ಲಿ ಕೊಬ್ಬರಿ ಹರಡುವುದೂ ಸಲ್ಲದು. ಜಾಗ ಕೋರಿ ಬಂದ ಅರ್ಜಿಯನ್ನು ನೋಡುವಾಗ ಯಂತ್ರ ಇಡುವ ಕೊಠಡಿಗಿಂತ ಮೊದಲು ಒಣಗಿಸುವ ಕಣ ಎಲ್ಲಿದೆಯೆಂದು ವಿಚಾರಿಸುವುದು ಲೇಸು.

ಇನ್ನು ಎಣ್ಣೆಯ ಪ್ರಮಾಣದ ವಿಚಾರ. ಶೇಕಡಾ 6ರ ತೇವಾಂಶವಿರುವ 100 ಕೆ.ಜಿ. ಉತ್ತಮ ಕೊಬ್ಬರಿಯಲ್ಲಿ ಸುಮಾರು 64 ಕೆ.ಜಿ. ಎಣ್ಣೆ, 30 ಕೆ.ಜಿ. ನಾರು, ಸಸಾರಜನಕ ಮೊದಲಾದ ಗಟ್ಟಿ ಪದಾರ್ಥ, 6 ಕೆ.ಜಿ. ನೀರು ಇರುತ್ತವೆ ಎಂದು ಹಿಡಿಯಬಹುದು. ಯಾವ ಯಂತ್ರವೂ ಇರುವುದಕ್ಕಿಂತ ಹೆಚ್ಚಿನ ಎಣ್ಣೆಯನ್ನು ಹೊರತೆಗೆಯಲಾರದು. ಹೊರಬಾರದ ಎಣ್ಣೆ ಎಲ್ಲಿಯೂ ಮಾಯವಾಗುವುದಿಲ್ಲ, ಹಿಂಡಿಯಲ್ಲಿ ಕುಳಿತಿರುತ್ತದೆ. ಗಟ್ಟಿ ಪದಾರ್ಥವೂ ಅಷ್ಟೇ, 30 ಕೆ.ಜಿ. ಒಳಹೋದರೆ 30 ಕೆ.ಜಿ. ಹಿಂಡಿಯಾಗಿ ಹೊರಬರಲೇಬೇಕು. ಈ ಸರಳ ನಿಯಮದಿಂದ ಇಡೀ ಘಟಕದ ಲೆಕ್ಕವನ್ನು ಪರೀಕ್ಷಿಸಬಹುದು.

ಮರದ ಗಾಣದಲ್ಲಿ ಬರುವ ಹಿಂಡಿಯಲ್ಲಿ ಎಣ್ಣೆಯ ಅಂಶ ಶೇಕಡಾ 18 ಎಂದೂ, ತೇವಾಂಶ ಶೇಕಡಾ 5 ಎಂದೂ ಭಾವಿಸಿದರೆ, ಗಟ್ಟಿ ಪದಾರ್ಥ ಹಿಂಡಿಯ ಶೇಕಡಾ 77 ಭಾಗವಾಗುತ್ತದೆ. ಆ ಗಟ್ಟಿ ಪದಾರ್ಥ 30 ಕೆ.ಜಿ. ಆದ್ದರಿಂದ ಹಿಂಡಿಯ ತೂಕ ಸುಮಾರು 39 ಕೆ.ಜಿ. ಅದರೊಳಗಿನ ಎಣ್ಣೆ 7 ಕೆ.ಜಿ. ಹೊರಬಂದ ಎಣ್ಣೆ 64ರಲ್ಲಿ 7 ಕಳೆದು 57 ಕೆ.ಜಿ. ಎಕ್ಸ್‌ಪೆಲ್ಲರ್ ಯಂತ್ರವು ಒತ್ತಡ ಹೆಚ್ಚಿಸಿ ಹಿಂಡಿಯಲ್ಲಿ ಶೇಕಡಾ 8ರಷ್ಟು ಎಣ್ಣೆಯನ್ನು ಮಾತ್ರ ಉಳಿಸಿದರೆ, ಹಿಂಡಿ 34.5 ಕೆ.ಜಿ., ಎಣ್ಣೆ 61 ಕೆ.ಜಿ. ಬರುತ್ತದೆ. ಹೆಚ್ಚಿನ ಒತ್ತಡದಲ್ಲಿ ಶಾಖವೂ ಹೆಚ್ಚುವುದರಿಂದ ಆ ಎಣ್ಣೆಯ ಪರಿಮಳ ಗಾಣದ ಎಣ್ಣೆಯಂತಿರುವುದಿಲ್ಲ. ಗಾಣದ ಎಣ್ಣೆಗೆ ಗ್ರಾಹಕ ಕೊಡುವ ಹೆಚ್ಚುವರಿ ದರ ಈ ನಾಲ್ಕು ಕಿಲೋ ಎಣ್ಣೆಯ ನಷ್ಟವನ್ನು ಮೊದಲು ತುಂಬಬೇಕು, ಮಿಕ್ಕದ್ದಷ್ಟೇ ಲಾಭ.

ಎರಡೂ ಬಗೆಯಲ್ಲಿ ಎಣ್ಣೆ ಮತ್ತು ಹಿಂಡಿಯ ಮೊತ್ತ ಗಮನಾರ್ಹವಾದುದು. ಗಾಣದಲ್ಲಿ 57 ಮತ್ತು 39 ಕೂಡಿ 96. ಎಕ್ಸ್‌ಪೆಲ್ಲರಿನಲ್ಲಿ 61 ಮತ್ತು 34.5 ಕೂಡಿ 95.5. ಕಡಿಮೆಯಾದ ನಾಲ್ಕು ಕಿಲೋದಷ್ಟು ಆವಿಯಾದ ನೀರು. ಈಗ ಶೇಕಡಾ 10ರ ತೇವಾಂಶದ ಕೊಬ್ಬರಿಯನ್ನು ಅದೇ ಗಾಣಕ್ಕೆ ಹಾಕಿದರೆ, ಯಂತ್ರ ಅಷ್ಟೇ ಚೆನ್ನಾಗಿ ಹಿಂಡಿದರೂ, ಎಣ್ಣೆ 54.6 ಮತ್ತು ಹಿಂಡಿ 37.3 ಕೆ.ಜಿ. ಆಗಿ ಮೊತ್ತ 92ಕ್ಕೆ ಇಳಿಯುತ್ತದೆ. ವಾಸ್ತವದಲ್ಲಿ ಹಸಿ ಕೊಬ್ಬರಿ ಗಾಣದಲ್ಲಿ ಜಾರುವುದರಿಂದ ಎಣ್ಣೆ ಇನ್ನೂ ಕಡಿಮೆ ಬರುತ್ತದೆ, ಬಂದದ್ದು ಮಬ್ಬಾಗಿ ನೊರೆಯಾಡುತ್ತದೆ.

ಹೀಗಾಗಿ ಘಟಕದ ದಾಖಲೆ ಪುಸ್ತಕದಲ್ಲಿ ಮೂರು ತೂಕಗಳಿದ್ದರೆ ಸಾಕು: ಒಳಹೋದ ಕೊಬ್ಬರಿ, ಮಡ್ಡಿ ತಂಗಿದ ಮೇಲಿನ ಎಣ್ಣೆ, ಹೊರಬಂದ ಹಿಂಡಿ. ಎಣ್ಣೆ ಕಡಿಮೆಯಾಗಿ ಹಿಂಡಿ ಹೆಚ್ಚಾಗಿದ್ದು ಮೊತ್ತ 96ರ ಸಮೀಪವಿದ್ದರೆ ದೋಷ ಯಂತ್ರದಲ್ಲಿದೆ: ಒನಕೆಯ ಒತ್ತಡ ಸಡಿಲವಾಗಿದೆ, ಇಲ್ಲವೇ ಅರೆಯುವ ಅವಧಿ ಸಾಲದಾಗಿದೆ. ಮೊತ್ತವೇ 92ಕ್ಕೆ ಇಳಿದಿದ್ದರೆ ಕೊಬ್ಬರಿ ಹಸಿಯಾಗಿತ್ತು. ಕೊಬ್ಬರಿ ಒಣಗಿತ್ತೆಂದು ಪರೀಕ್ಷೆಯಲ್ಲಿ ಕಂಡಿದ್ದೂ ಮೊತ್ತ 90ಕ್ಕಿಂತ ಕಡಿಮೆ ಬಂದರೆ ತಕ್ಕಡಿ ತಪ್ಪಿದೆ, ಮಡ್ಡಿಯನ್ನು ತೂಗಿಲ್ಲ, ಅಥವಾ ಮಾಲು ಬೇರೆ ದಾರಿ ಹಿಡಿದಿದೆ. ಸಂಘದ ಸದಸ್ಯೆಯರು ಒಬ್ಬರನ್ನೊಬ್ಬರು ಅನುಮಾನಿಸುವ ಮೊದಲು ಈ ಮೊತ್ತವನ್ನು ನೋಡುವುದು ಕ್ಷೇಮ. ಹಸಿ ಕೊಬ್ಬರಿಯ ತಪ್ಪಿಗೆ ಗಾಣದ ಮುಂದೆ ನಿಂತವಳು ಮಾತು ಕೇಳುವಂತಾಗಬಾರದು. ಮತ್ತೊಂದು ತುದಿಯಲ್ಲಿ, ಕ್ವಿಂಟಲ್ ಕೊಬ್ಬರಿಗೆ 70 ಕೆ.ಜಿ. ಎಣ್ಣೆ ಬರುವುದೆಂದು ಯಂತ್ರ ಮಾರುವವರ ಪತ್ರದಲ್ಲಿ ಬರೆದಿದ್ದರೆ ಅದನ್ನು ನಂಬುವಂತಿಲ್ಲ. ಕೊಬ್ಬರಿಯಲ್ಲಿಯೇ ಅಷ್ಟು ಎಣ್ಣೆ ಇರುವುದಿಲ್ಲ.

ಇಲ್ಲಿ ಒಂದು ಚಿಕ್ಕ ಮೋಸವೂ ನುಸುಳುವುದುಂಟು. ಎಣ್ಣೆಯನ್ನು ಕೆಲವರು ತೂಕದಲ್ಲಿ, ಕೆಲವರು ಲೀಟರಿನಲ್ಲಿ ಹೇಳುತ್ತಾರೆ. ಒಂದು ಲೀಟರ್ ಕೊಬ್ಬರಿ ಎಣ್ಣೆ ಸುಮಾರು 920 ಗ್ರಾಂ ತೂಗುತ್ತದೆ. ಗಾಣದ 57 ಕೆ.ಜಿ. ಎಣ್ಣೆ ಅಳತೆಯಲ್ಲಿ 62 ಲೀಟರ್. ‘ನೂರಕ್ಕೆ 62’ ಎಂದು ಒಬ್ಬರು, ‘ನೂರಕ್ಕೆ 57’ ಎಂದು ಇನ್ನೊಬ್ಬರು ಹೇಳಿದಾಗ ಇಬ್ಬರ ಯಂತ್ರವೂ ಒಂದೇ ಆಗಿರಬಹುದು. ದರಪಟ್ಟಿಗಳನ್ನು ಹೋಲಿಸುವ ಮೊದಲು ಎಲ್ಲವನ್ನೂ ಕಿಲೋಗೆ ತರಬೇಕು.

ಲಾಭವನ್ನು ತಿಳಿಯಲು ಒಂದು ಕ್ವಿಂಟಲಿನ ಲೆಕ್ಕ ಸಾಕು. ಕೊಬ್ಬರಿಯ ಬೆಲೆಗೆ ಅರೆಯುವ ಖರ್ಚನ್ನು ಕೂಡಿ, ಹಿಂಡಿಯಿಂದ ಬರುವ ಹಣವನ್ನು ಕಳೆದು, ಉಳಿದದ್ದನ್ನು ಎಣ್ಣೆಯ ಕಿಲೋಗಳಿಂದ ಭಾಗಿಸಿದರೆ ಎಣ್ಣೆಯ ಅಸಲು ದೊರೆಯುತ್ತದೆ. ಉದಾಹರಣೆಗೆ ಕೊಬ್ಬರಿ 11,582 ರೂಪಾಯಿ, ಅರೆಯುವ ಖರ್ಚು ಕಿಲೋಗೆ 10 ರೂಪಾಯಿಯಂತೆ 1,000, ಹಿಂಡಿಯ ದರ ಕಿಲೋಗೆ 30 ರೂಪಾಯಿ ಎಂದು ಹಿಡಿಯೋಣ. ಗಾಣದ 39 ಕೆ.ಜಿ. ಹಿಂಡಿಗೆ 1,170 ರೂಪಾಯಿ ಬರುತ್ತದೆ. ಉಳಿದ 11,412 ರೂಪಾಯಿಯನ್ನು 57ರಿಂದ ಭಾಗಿಸಿದರೆ ಕಿಲೋ ಎಣ್ಣೆಗೆ ಅಸಲು 200 ರೂಪಾಯಿ, ಲೀಟರಿಗೆ 184 ರೂಪಾಯಿ. ಎಕ್ಸ್‌ಪೆಲ್ಲರಿನಲ್ಲಿ ಇದೇ ಲೆಕ್ಕ ಕಿಲೋಗೆ 189 ರೂಪಾಯಿ ಆಗುತ್ತದೆ. ಬಾಟಲಿ, ಚೀಟಿ, ಸಾಗಣೆ, ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಅರೆಯುವ ಖರ್ಚು ಮತ್ತು ಹಿಂಡಿಯ ದರಗಳು ಲೆಕ್ಕ ತೋರಿಸುವುದಕ್ಕಾಗಿ ಹಿಡಿದವು. ಅವುಗಳ ಜಾಗದಲ್ಲಿ ಆಯಾ ದಿನದ ದರ ಹಾಕಿಕೊಳ್ಳಬೇಕು.

ಕೊಬ್ಬರಿಯ ದರ ನಿಂತ ನೀರಲ್ಲ. 2023ರಲ್ಲಿ ತಿಪಟೂರಿನಲ್ಲಿ ಉಂಡೆ ಕೊಬ್ಬರಿಯ ದರ ಬೆಂಬಲ ಬೆಲೆಗಿಂತ ಕೆಳಗಿಳಿದು ರೈತರು ಬೀದಿಗಿಳಿದಿದ್ದರು. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ ದರ ಕ್ವಿಂಟಲಿಗೆ 20,000 ರೂಪಾಯಿಯನ್ನು ದಾಟಿತು. ಎಣ್ಣೆ ಕೊಬ್ಬರಿಗೂ 20,000 ರೂಪಾಯಿ ಕೊಡಬೇಕಾದ ದಿನ ಗಾಣದ ಎಣ್ಣೆಯ ಅಸಲು ಕಿಲೋಗೆ 348 ರೂಪಾಯಿ, ಲೀಟರಿಗೆ 320 ರೂಪಾಯಿ ಆಗುತ್ತದೆ. ಹಳೆಯ ದರಕ್ಕೆ ವರ್ಷವಿಡೀ ಎಣ್ಣೆ ಕೊಡುವುದಾಗಿ ಯಾವುದಾದರೂ ವಸತಿ ಸಮುಚ್ಚಯಕ್ಕೆ ಮಾತು ಕೊಟ್ಟ ಸಂಘವು ಇಂತಹ ವರ್ಷದಲ್ಲಿ ಪ್ರತಿ ಲೀಟರಿಗೂ ನಷ್ಟ ಅನುಭವಿಸುತ್ತದೆ. ಅಂತಹ ದಿನಗಳಲ್ಲಿ ಎಣ್ಣೆ ತೆಗೆಯುವುದನ್ನು ನಿಲ್ಲಿಸಿ, ಸದಸ್ಯೆಯರ ಮನೆಯ ಕೊಬ್ಬರಿಯನ್ನು ಕೊಬ್ಬರಿಯಾಗಿಯೇ ಮಾರಿ, ಗಾಣವನ್ನು ಕೂಲಿಗೆ ಅರೆಯಲು ಬಿಡುವುದೇ ಜಾಣತನ. ಕೂಲಿ ಅರೆಯುವಿಕೆಯಲ್ಲಿ ಕೊಬ್ಬರಿ ಗ್ರಾಹಕರದೇ ಆದ್ದರಿಂದ ದರದ ಏರಿಳಿತದ ಹೊರೆ ಸಂಘದ ಮೇಲೆ ಬೀಳುವುದಿಲ್ಲ. ಹಿಂಡಿ ಯಾರಿಗೆ ಸೇರಬೇಕೆಂಬುದನ್ನು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಬೇಕು. ಕೂಲಿಯ ಬದಲು ಹಿಂಡಿಯನ್ನೇ ಇಟ್ಟುಕೊಳ್ಳುವ ಕರಾರಾದರೆ, ಮೇಲಿನ ದರದಲ್ಲಿ ಕ್ವಿಂಟಲಿಗೆ 1,170 ರೂಪಾಯಿ ಬರುತ್ತದೆ; ಅದು ಅರೆಯುವ ಖರ್ಚನ್ನು ಸ್ವಲ್ಪವಷ್ಟೇ ಮೀರುತ್ತದೆ.

ಹಿಂಡಿಯನ್ನು ಕಸುವಿಲ್ಲದ ಉಳಿಕೆಯೆಂದು ತಿಳಿದು ಸಿಕ್ಕ ಬೆಲೆಗೆ ಕೊಡುವುದು ರೂಢಿ. ಆದರೆ ಗಾಣದ ಹಿಂಡಿಯೂ ಎಕ್ಸ್‌ಪೆಲ್ಲರ್ ಹಿಂಡಿಯೂ ಒಂದೇ ಅಲ್ಲ. ಮೇಲಿನ ಲೆಕ್ಕದಂತೆ ಗಾಣದ 39 ಕೆ.ಜಿ. ಹಿಂಡಿಯಲ್ಲಿ 7 ಕೆ.ಜಿ. ಎಣ್ಣೆಯಿದೆ, ಎಕ್ಸ್‌ಪೆಲ್ಲರಿನ 34.5 ಕೆ.ಜಿ.ಯಲ್ಲಿ ಮೂರು ಕಿಲೋಗಿಂತ ಕಡಿಮೆ. ಎರಡನ್ನೂ ಒಂದೇ ದರಕ್ಕೆ ಮಾರಿದರೆ ಗಾಣದವರು ನಾಲ್ಕು ಕಿಲೋ ಎಣ್ಣೆಯನ್ನು ಹಿಂಡಿಯ ಬೆಲೆಗೆ ಕೊಟ್ಟಂತೆ. ಗಾಣದ ಹಿಂಡಿಯನ್ನು ಕೊಂಡು ಎಕ್ಸ್‌ಪೆಲ್ಲರಿನಲ್ಲಿ ಮತ್ತೊಮ್ಮೆ ಹಿಂಡುವ ಗಿರಣಿಗಳಿಗೆ ಈ ವಿಚಾರ ಚೆನ್ನಾಗಿ ಗೊತ್ತು. ಅವರೊಡನೆ ದರ ಮಾತನಾಡುವವರಿಗೂ ಅದು ಗೊತ್ತಿರಬೇಕು.

ಹೈನುಗಾರರಿಗೆ ಮಾರುವಾಗ ಅಳತೆಗೋಲು ಬೇರೆ. ಕೊಬ್ಬರಿ ಹಿಂಡಿಯಲ್ಲಿ ಸಸಾರಜನಕ ಸುಮಾರು ಶೇಕಡಾ 20ರಿಂದ 22. ಕಡಲೆಕಾಯಿ ಹಿಂಡಿಯಲ್ಲಿ ಅದರ ಸುಮಾರು ಎರಡರಷ್ಟು. ಕೇವಲ ಸಸಾರಜನಕಕ್ಕಾಗಿ ಕೊಳ್ಳುವವನು ಕೊಬ್ಬರಿ ಹಿಂಡಿಗೆ ಕಡಲೆಕಾಯಿ ಹಿಂಡಿಯ ಅರ್ಧ ದರವನ್ನಷ್ಟೇ ಕೊಡಬೇಕೆಂಬುದು ಲೆಕ್ಕ. ಉಳಿದ ಎಣ್ಣೆಯಿಂದ ಬರುವ ಶಕ್ತಿಗಾಗಿ ಸ್ವಲ್ಪ ಹೆಚ್ಚು ಕೊಟ್ಟರೆ ತಪ್ಪಿಲ್ಲ. ಆದರೆ ಎಣ್ಣೆ ಹೆಚ್ಚಿರುವ ಹಿಂಡಿಯನ್ನು ಹಸುವಿಗೆ ಧಾರಾಳವಾಗಿ ಹಾಕುವಂತಿಲ್ಲ. ಆಹಾರದಲ್ಲಿ ಕೊಬ್ಬಿನಂಶ ಮಿತಿಮೀರಿದರೆ ಹೊಟ್ಟೆಯಲ್ಲಿ ನಾರು ಜೀರ್ಣಿಸುವ ಸೂಕ್ಷ್ಮಜೀವಿಗಳ ಕೆಲಸ ಕುಂದಿ, ಹಸು ಮೇವು ಬಿಡುತ್ತದೆ. ಗಾಣದ ಹಿಂಡಿಯನ್ನು ಇತರ ಹಿಂಡಿ, ಬೂಸಾಗಳೊಡನೆ ಬೆರೆಸಿ, ಕಡಿಮೆ ಪ್ರಮಾಣದಿಂದ ಆರಂಭಿಸಿ ಹೆಚ್ಚಿಸುತ್ತ ಹೋಗಬೇಕು.

ಎಣ್ಣೆ ಹೆಚ್ಚಿರುವ ಹಿಂಡಿ ಬೇಗ ಕಮಟು ಹಿಡಿಯುತ್ತದೆ. ಬಿಸಿಯಿರುವಾಗಲೇ ಮೂಟೆ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಬೆಳೆಯುತ್ತದೆ. ಆದ್ದರಿಂದ ಹರಡಿ ಆರಿಸಿದ ನಂತರವೇ ಚೀಲಕ್ಕೆ ತುಂಬಿ, ನೆಲದ ಮೇಲಿಡದೆ ಹಲಗೆಯ ಮೇಲೆ ಒಟ್ಟಬೇಕು. ಹಸಿರು ಹಳದಿ ಬೂಷ್ಟು ಹಿಡಿದ ಕೊಬ್ಬರಿಯಲ್ಲಾಗಲಿ ಹಿಂಡಿಯಲ್ಲಾಗಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುವ ಸಂಭವವಿದೆ. ಅದನ್ನು ತಿಂದ ಹಸುವಿನ ಹಾಲಿನಲ್ಲಿ ಅದು ಎಂ1 ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಹಾಲಿನಲ್ಲಿ ಇದರ ಮಿತಿಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವು ಕಿಲೋಗೆ 0.5 ಮೈಕ್ರೋಗ್ರಾಂ ಎಂದು ನಿಗದಿಪಡಿಸಿದೆ. ಕಾಯಿಸಿದರೂ ಇದು ಹಾಲಿನಿಂದ ಹೋಗುವುದಿಲ್ಲ. ಬೂಷ್ಟು ಹಿಡಿದ ಹಿಂಡಿಯನ್ನು ಒಣಗಿಸಿ, ಒಳ್ಳೆಯದರೊಡನೆ ಬೆರೆಸಿ ಮಾರುವುದು ವಿಷವನ್ನು ಹಲವು ಕೊಟ್ಟಿಗೆಗಳಿಗೆ ಹಂಚಿದಂತೆ. ಅಂತಹ ಮೂಟೆಯನ್ನು ಮೇವಿನ ಲೆಕ್ಕದಿಂದ ತೆಗೆದು, ದಾಸ್ತಾನು ಪುಸ್ತಕದಲ್ಲಿ ತೂಕ ಸಹಿತ ನಷ್ಟವೆಂದು ಬರೆದು, ದನಕರುಗಳಿಗೆ ಸಿಗದಂತೆ ವಿಲೇವಾರಿ ಮಾಡಬೇಕು.